ಕತ್ತೆಗೆ ಐದು ಗೆರೆ

‘ಕತೆ’ ಎಂದು ಹೇಳಿ, ಅದರ ಬೆನ್ನಿಗೇ ‘ಕತ್ತೆ’ ಎಂದರೆ ಕನ್ನಡ ಬಲ್ಲ ಯಾರಿಗೂ ಗೊಂದಲವಾಗುವುದಿಲ್ಲ. ಎರಡರ ನಡುವೆ ಬಾಯಿಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಮಾತ್ರ ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ: ಒಂದರಲ್ಲಿ ಒಂದು ತಕಾರ, ಇನ್ನೊಂದರಲ್ಲಿ ಎರಡು. ಬರವಣಿಗೆಯ ಮಟ್ಟಿಗೆ ಅದು ಸರಿಯೇ. ಆದರೆ ಅದೇ ಪದವನ್ನು ಧ್ವನಿಮುದ್ರಿಸಿ ಕಂಪ್ಯೂಟರಿನ ಪರದೆಯ ಮೇಲೆ ಹರಡಿಕೊಂಡು ಎಷ್ಟು ಹುಡುಕಿದರೂ ಎರಡನೆಯ ತಕಾರ ಸಿಗುವುದಿಲ್ಲ.

ಈ ಹುಡುಕಾಟಕ್ಕೆ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಳಸುವ ಸಲಕರಣೆ ಪ್ರಾಟ್. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೀನಿಂಕ್ 1990ರ ದಶಕದ ಮೊದಲ ವರ್ಷಗಳಿಂದ ಕಟ್ಟುತ್ತ ಬಂದಿರುವ ಈ ಪ್ರೋಗ್ರಾಂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ನೋಟಕ್ಕೆ ಹಳೆಯ ಕಾಲದ್ದು. ತೆರೆದ ಕೂಡಲೇ ಎರಡು ಕಿಟಕಿಗಳು ಏಳುತ್ತವೆ. `Praat Picture` ಎಂಬುದು ಚಿತ್ರ ಬಿಡಿಸಲು ಇರುವುದು, ಸದ್ಯಕ್ಕೆ ಅದನ್ನು ಮುಚ್ಚಬಹುದು. ಕೆಲಸವೆಲ್ಲ ನಡೆಯುವುದು `Praat Objects` ಎಂಬ ಕಿಟಕಿಯಲ್ಲಿ.

ಧ್ವನಿಮುದ್ರಣವನ್ನೂ ಇಲ್ಲಿಯೇ ಮಾಡಬಹುದು. `New` ಮೆನುವಿನಲ್ಲಿ `Record mono Sound...` ಒತ್ತಿದರೆ ರೆಕಾರ್ಡರ್ ಬರುತ್ತದೆ. ಮಾದರಿ ದರ 44100 ಎಂದಿರಲಿ. `Record` ಒತ್ತಿ, ಅರ್ಧ ಸೆಕೆಂಡು ಸುಮ್ಮನಿದ್ದು, ‘ಕತ್ತೆ’ ಎಂದು ಹೇಳಿ, ಮತ್ತೆ ಅರ್ಧ ಸೆಕೆಂಡು ಸುಮ್ಮನಿದ್ದು `Stop` ಒತ್ತಬೇಕು. ಹೆಸರಿನ ಜಾಗದಲ್ಲಿ katte ಎಂದು ಬರೆದು ಪಟ್ಟಿಗೆ ಸೇರಿಸಿದರೆ `Sound katte` ಎಂಬ ಸಾಲು ಕಾಣುತ್ತದೆ. ಹೊಸಬರು ಹಗುರವಾಗಿ ತೆಗೆದುಕೊಳ್ಳುವ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕಿವಿ ಅದನ್ನು ಮರೆತುಬಿಡುತ್ತದೆ, ಮೈಕು ಮರೆಯುವುದಿಲ್ಲ. ಮುಂದೆ ತಕಾರದ ನಿಶ್ಶಬ್ದವನ್ನು ಹುಡುಕಬೇಕಾದ ಜಾಗದಲ್ಲಿ ಫ್ಯಾನಿನ ಬೂದು ಮಸುಕು ತುಂಬಿಕೊಂಡಿರುತ್ತದೆ. ಐದು ನಿಮಿಷ ಸೆಕೆ ತಡೆದುಕೊಳ್ಳುವುದೇ ಮೇಲು.

ಇನ್ನು ಟೆಕ್ಸ್ಟ್‌ಗ್ರಿಡ್. ಇದು ಧ್ವನಿಯ ಫೈಲೂ ಅಲ್ಲ, ಚಿತ್ರವೂ ಅಲ್ಲ. ಇಂಥ ಕ್ಷಣದಿಂದ ಇಂಥ ಕ್ಷಣದವರೆಗೆ ಇಂಥ ಧ್ವನಿ ಇದೆ ಎಂದು ಬರೆದಿಡುವ ಬೇರೆಯದೇ ಪಠ್ಯ ಫೈಲು. ಪಟ್ಟಿಯಲ್ಲಿ ಧ್ವನಿಯನ್ನು ಆರಿಸಿ, ಬಲಬದಿಯ `Annotate` ಗುಂಡಿಯಡಿ `To TextGrid...` ಒತ್ತಿದರೆ ಒಂದು ಪುಟ್ಟ ಪ್ರಶ್ನೆಪತ್ರಿಕೆ ತೆರೆಯುತ್ತದೆ. ಅದರಲ್ಲಿ ಮೊದಲೇ `Mary John bell` ಎಂದು ತುಂಬಿರುತ್ತದೆ. ಅದು ಬರೀ ಉದಾಹರಣೆ. ಅಳಿಸದೆ `OK` ಒತ್ತಿದವರಿಗೆ ಮೇರಿ, ಜಾನ್ ಮತ್ತು ಒಂದು ಗಂಟೆಯ ಹೆಸರಿನ ಮೂರು ಪಟ್ಟಿಗಳು ಸಿಗುತ್ತವೆ. ಹಾಗಾಗಿ ಮೊದಲ ಸಾಲಿನಲ್ಲಿ ಇದ್ದುದನ್ನು ತೆಗೆದು ಹೀಗೆ ಬರೆಯಬೇಕು:

```
word phone
```

ನಡುವಿನ ಖಾಲಿ ಜಾಗವೇ ಹೆಸರುಗಳನ್ನು ಬೇರೆ ಮಾಡುತ್ತದೆ. ಹೀಗೆ ಪದಕ್ಕೊಂದು, ಬಿಡಿ ಧ್ವನಿಗಳಿಗೊಂದು, ಒಟ್ಟು ಎರಡು ಪಟ್ಟಿ. ಎರಡನೆಯ ಸಾಲು ಕ್ಷಣಬಿಂದುಗಳನ್ನು ಗುರುತಿಸುವ ಪಟ್ಟಿಗೆ ಸಂಬಂಧಿಸಿದ್ದು, ಅದನ್ನು ಖಾಲಿ ಬಿಡಬೇಕು. ಈಗ ಪಟ್ಟಿಯಲ್ಲಿ `TextGrid katte` ಸೇರಿಕೊಂಡಿರುತ್ತದೆ. ಧ್ವನಿ ಮತ್ತು ಟೆಕ್ಸ್ಟ್‌ಗ್ರಿಡ್ ಎರಡನ್ನೂ ಒಟ್ಟಿಗೆ ಆರಿಸಿ (ವಿಂಡೋಸ್‌ನಲ್ಲಿ ಕಂಟ್ರೋಲ್, ಮ್ಯಾಕ್‌ನಲ್ಲಿ ಕಮಾಂಡ್ ಹಿಡಿದು) `View & Edit` ಒತ್ತಬೇಕು. ಟೆಕ್ಸ್ಟ್‌ಗ್ರಿಡ್ ಒಂದನ್ನೇ ತೆರೆದರೆ ಖಾಲಿ ಪಟ್ಟಿಗಳಷ್ಟೇ ಕಾಣುತ್ತವೆ, ಅಲೆ ಎಲ್ಲಿ ಹೋಯಿತು ಎಂದು ಗಾಬರಿಯಾಗುತ್ತದೆ.

ತೆರೆದ ಕಿಟಕಿಯಲ್ಲಿ ಮೇಲೆ ಧ್ವನಿಯ ಅಲೆ, ನಡುವೆ ಬೂದುಬಣ್ಣದ ಸ್ಪೆಕ್ಟ್ರೋಗ್ರಾಂ, ಕೆಳಗೆ ಎರಡು ಖಾಲಿ ಪಟ್ಟಿಗಳು. ಸ್ಪೆಕ್ಟ್ರೋಗ್ರಾಂ ಎಡದಿಂದ ಬಲಕ್ಕೆ ಕಾಲವನ್ನೂ ಕೆಳಗಿನಿಂದ ಮೇಲಕ್ಕೆ ಆವರ್ತನವನ್ನೂ ತೋರಿಸುತ್ತದೆ. ಎಲ್ಲಿ ಶಕ್ತಿ ಹೆಚ್ಚೋ ಅಲ್ಲಿ ಕಪ್ಪು. ಸ್ವರಗಳು ದಪ್ಪ ಅಡ್ಡಪಟ್ಟೆಗಳಾಗಿ ಕಾಣುತ್ತವೆ. ಆ ಪಟ್ಟೆಗಳಿಗೆ ಫಾರ್ಮೆಂಟ್ ಎಂದು ಹೆಸರು. ಪದದ ಮೇಲೆ ಮೌಸ್ ಎಳೆದು ಆರಿಸಿ, ಕೆಳಗಿನ ಎಡಮೂಲೆಯ `sel` ಗುಂಡಿ ಒತ್ತಿದರೆ ಪದವೇ ಕಿಟಕಿಯ ತುಂಬ ಹರಡಿಕೊಳ್ಳುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ಆರಿಸಿದ ಭಾಗ ಕೇಳಿಸುತ್ತದೆ.

ಮೊದಲ ಗೆರೆ ಪದದ ಆರಂಭಕ್ಕೆ. ಕಕಾರಕ್ಕೆ ನಾಲಿಗೆಯ ಹಿಂಭಾಗ ಮೇಲೆ ಒತ್ತಿ ಗಾಳಿಯನ್ನು ತಡೆಹಿಡಿಯುತ್ತದೆ, ಆಮೇಲೆ ತಟ್ಟನೆ ಬಿಡುತ್ತದೆ. ತಡೆಹಿಡಿದ ಹೊತ್ತಿನಲ್ಲಿ ಸದ್ದೇ ಇಲ್ಲ. ಅದರ ಹಿಂದಿನದೂ ನಿಶ್ಶಬ್ದವೇ ಆದ್ದರಿಂದ ಕಕಾರ ನಿಜಕ್ಕೂ ಎಲ್ಲಿ ಶುರುವಾಯಿತು ಎಂಬುದು ಈ ಮುದ್ರಣದಲ್ಲಿ ಯಾರಿಗೂ ಕಾಣಿಸದು. ಕಾಣುವುದು ಬಿಡುಗಡೆಯ ಸ್ಫೋಟ: ಸ್ಪೆಕ್ಟ್ರೋಗ್ರಾಂನಲ್ಲಿ ಸಪೂರವಾದ ಒಂದು ನೆಟ್ಟಗೆರೆ. ಕಕಾರದಲ್ಲಿ ಹಲವು ಸಲ ಅಂಥ ಎರಡು ಮೂರು ಗೆರೆಗಳು ಒತ್ತೊತ್ತಾಗಿ ಇರುತ್ತವೆ. ಮೊದಲನೆಯದನ್ನೇ ಹಿಡಿಯಬೇಕು. ಅಲ್ಲಿ ಕ್ಲಿಕ್ ಮಾಡಿದರೆ ಪಟ್ಟಿಗಳ ಮೇಲಂಚಿನಲ್ಲಿ ಪುಟ್ಟ ವೃತ್ತಗಳು ಮೂಡುತ್ತವೆ. ವೃತ್ತವನ್ನು ಒತ್ತಿದರೆ ಆ ಪಟ್ಟಿಯಲ್ಲಿ ಗೆರೆ ಬೀಳುತ್ತದೆ. ಪದದ ಪಟ್ಟಿ, ಧ್ವನಿಯ ಪಟ್ಟಿ ಎರಡರಲ್ಲೂ ಇದನ್ನು ಒಂದೇ ಕ್ಲಿಕ್ಕಿನ ಜಾಗದಲ್ಲಿ ಹಾಕಿಬಿಡುವುದು ಜಾಣತನ. ಬೇರೆ ಬೇರೆಯಾಗಿ ಹಾಕಿದರೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದು, ಪದದ ಉದ್ದಕ್ಕೂ ಅದರ ಧ್ವನಿಗಳ ಮೊತ್ತಕ್ಕೂ ತಾಳೆಯಾಗುವುದಿಲ್ಲ.

ಎರಡನೆಯದು ಅಕಾರ ಶುರುವಾಗುವಲ್ಲಿ. ಸ್ಫೋಟದ ನಂತರ ಒಂದಿಷ್ಟು ಗೊರಗೊರ ಗಾಳಿ, ಆಮೇಲೆ ಅಲೆ ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಬರೆಯತೊಡಗುತ್ತದೆ. ಧ್ವನಿತಂತುಗಳು ಕಂಪಿಸತೊಡಗಿದ ಗುರುತು ಅದು. ಮೊದಲ ಪೂರ್ಣ ಆವರ್ತದ ಆರಂಭದಲ್ಲಿ ಗೆರೆ ಹಾಕಬೇಕು.

ಮೂರನೆಯ ಗೆರೆಯಲ್ಲಿ ಕಿವಿ ಮೋಸ ಮಾಡುತ್ತದೆ. ಅಕಾರ ಮುಗಿದು ತಕಾರ ಶುರುವಾಗುವ ಜಾಗವನ್ನು ಬಹುಪಾಲು ಜನ ಕೇಳಿ ಕೇಳಿ ಹುಡುಕುತ್ತಾರೆ. ಅಕಾರವನ್ನಷ್ಟೇ ಆರಿಸಿ ಕೇಳಿದರೂ ಕೊನೆಯಲ್ಲಿ ‘ಅತ್’ ಎಂದೇ ಕೇಳಿಸುತ್ತದೆ. ಗೆರೆಯನ್ನು ಎಡಕ್ಕೆ ಸರಿಸಿದರೆ ಆಗಲೂ ಕೊಂಚ ತಕಾರ. ಇನ್ನೂ ಎಡಕ್ಕೆ ಸರಿಸುತ್ತ ಹೋದರೆ ಸ್ವರ ಅರ್ಧಕ್ಕರ್ಧ ಕರಗಿಹೋಗಿರುತ್ತದೆ. ಕಾರಣ ಸರಳ. ನಾಲಿಗೆ ಹಲ್ಲನ್ನು ಮುಟ್ಟುವುದಕ್ಕೆ ಮೊದಲೇ ಆ ಕಡೆ ಹೊರಟಿರುತ್ತದೆ, ಆ ಪಯಣದಲ್ಲಿ ಸ್ವರದ ಫಾರ್ಮೆಂಟುಗಳು ಬಾಗುತ್ತವೆ, ಆ ಬಾಗುವಿಕೆಯನ್ನೇ ಕಿವಿ ತಕಾರ ಎಂದು ಓದಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಕಣ್ಣಿನ ಮಾತು ಕೇಳಬೇಕು. ಸ್ಪೆಕ್ಟ್ರೋಗ್ರಾಂನಲ್ಲಿ ಕೆಳಗಿನಿಂದ ಎರಡನೆಯ ಫಾರ್ಮೆಂಟ್ ಅಳಿಸಿಹೋಗುವಲ್ಲಿ ಗೆರೆ. ಬಾಗಿದ ಭಾಗ ಸ್ವರದ ಪಾಲಿಗೇ ಸೇರಲಿ.

ಆಮೇಲೆ ಬರುವುದು ಬಿಳಿಯ ಖಾಲಿ ಜಾಗ. ಕತ್ತೆಯ ಗುಟ್ಟೆಲ್ಲ ಅದರಲ್ಲಿದೆ. ಒತ್ತಕ್ಷರವನ್ನು ನೆನೆದು ಎರಡು ಸ್ಫೋಟಗಳನ್ನು ಹುಡುಕುವವರಿಗೆ ಸಿಗುವುದು ಒಂದೇ, ಖಾಲಿ ಜಾಗದ ಕೊನೆಯಲ್ಲಿ. ನಾಲಿಗೆ ಎರಡು ಸಲ ಹಲ್ಲು ಮುಟ್ಟಿಲ್ಲ. ಒಮ್ಮೆ ಮುಟ್ಟಿ ಹೆಚ್ಚು ಹೊತ್ತು ನಿಂತಿದೆ. ಹಾಗಾಗಿ ಖಾಲಿ ಜಾಗವನ್ನು ಅರ್ಧಕ್ಕೆ ಸೀಳಿ ಎರಡು t ಬರೆಯುವುದು ತಪ್ಪು. ಇಡೀ ತುಂಡಿಗೆ tt ಎಂಬ ಒಂದೇ ಗುರುತು ಸಾಕು. ಸ್ಫೋಟವನ್ನೂ ಅದರ ಹಿಂದಿನ ಚೂರು ಗಾಳಿಯನ್ನೂ ಇದೇ ತುಂಡಿಗೆ ಸೇರಿಸಿ, ಎಕಾರದ ಮೊದಲ ಆವರ್ತದಲ್ಲಿ ನಾಲ್ಕನೆಯ ಗೆರೆ ಹಾಕಬೇಕು. ಐದನೆಯದು ಎಕಾರ ಮುಗಿಯುವಲ್ಲಿ, ಪದದ ಪಟ್ಟಿಯಲ್ಲೂ ಸೇರಿ. ಪದದ ಕೊನೆಯ ಸ್ವರ ಥಟ್ಟನೆ ನಿಲ್ಲದೆ ಉಸಿರಾಗಿ ಆರಿಹೋಗುವುದರಿಂದ ಇಲ್ಲೂ ಎರಡನೆಯ ಫಾರ್ಮೆಂಟ್ ಕಾಣದಾಗುವ ಜಾಗವನ್ನೇ ನಿಯಮವಾಗಿಟ್ಟುಕೊಳ್ಳುವುದು ವಾಸಿ.

ತುಂಡಿನೊಳಗೆ ಕ್ಲಿಕ್ ಮಾಡಿ ಟೈಪ್ ಮಾಡಿದರೆ ಗುರುತು ಬೀಳುತ್ತದೆ. ಕನ್ನಡ ಲಿಪಿಯಲ್ಲೂ ಬರೆಯಬಹುದು, ಆದರೆ ಮುಂದೆ ನೂರಾರು ಫೈಲುಗಳಲ್ಲಿ ಹುಡುಕುವ ಯೋಚನೆ ಇದ್ದರೆ ರೋಮನ್ ಅಕ್ಷರ ಅನುಕೂಲ. ಕಾಣದ ಶತ್ರು ಒಂದಿದೆ: ಗುರುತಿನ ಕೊನೆಯಲ್ಲಿ ಕೈತಪ್ಪಿ ಬಿದ್ದ ಸ್ಪೇಸ್. ಕಣ್ಣಿಗೆ a ಒಂದೇ ಆದರೂ ಹುಡುಕುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ. ತಪ್ಪು ಗೆರೆಯನ್ನು ಎಳೆದು ಸರಿಸಬಹುದು, ಅಥವಾ ಆರಿಸಿಕೊಂಡು `Boundary` ಮೆನುವಿನ `Remove` ಒತ್ತಿ ತೆಗೆಯಬಹುದು.

ಉಳಿಸುವ ಕೆಲಸ ಎರಡು ಸಲ ಆಗಬೇಕು. ಪಟ್ಟಿಯಲ್ಲಿರುವುದೆಲ್ಲ ಕಂಪ್ಯೂಟರಿನ ನೆನಪಿನಲ್ಲಷ್ಟೇ ಇರುತ್ತದೆ, ಪ್ರಾಟ್ ಮುಚ್ಚಿದರೆ ಹೋಯಿತು. ಧ್ವನಿಯನ್ನು ಆರಿಸಿ `Save as WAV file...`, ಟೆಕ್ಸ್ಟ್‌ಗ್ರಿಡ್ ಆರಿಸಿ `Save as text file...`. ಎರಡಕ್ಕೂ ಒಂದೇ ಹೆಸರಿರಲಿ. ಉಳಿಸಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ಇಂಥ ಸಾಲುಗಳಿರುತ್ತವೆ:

```
intervals [4]:
    xmin = 0.522
    xmax = 0.721
    text = "tt"
```

ಕಾಲವೆಲ್ಲ ಸೆಕೆಂಡುಗಳಲ್ಲಿ. ಉದಾಹರಣೆಗೆ ಇಟ್ಟುಕೊಂಡ ಈ ಅಂಕಿಗಳಲ್ಲಿ tt 199 ಮಿಲಿಸೆಕೆಂಡು ಉದ್ದವಿದೆ. ಇದು ನಾಲ್ಕನೆಯ ತುಂಡಾದದ್ದು ಏಕೆಂದರೆ ಮೊದಲನೆಯದು ಪದಕ್ಕೆ ಹಿಂದಿನ ನಿಶ್ಶಬ್ದ: ಐದು ಗೆರೆ, ಆರು ತುಂಡು. ಅದೇ ವ್ಯಕ್ತಿ ಹೇಳಿದ ‘ಕತೆ’ಯನ್ನೂ ಇದೇ ನಿಯಮಗಳಿಂದ ಕತ್ತರಿಸಿ, ಅಲ್ಲಿ t 95 ಮಿಲಿಸೆಕೆಂಡು ಬಂತು ಎನ್ನೋಣ. ಈ ವ್ಯತ್ಯಾಸವನ್ನು ನಂಬಬಹುದು. ಗೆರೆ ಹಾಕುವಾಗ ಒಂದು ಆವರ್ತ ಆಚೀಚೆ ಆಗುವುದು ಸಹಜ. ದನಿ ಸೆಕೆಂಡಿಗೆ 125 ಸಲ ಕಂಪಿಸುವವರಲ್ಲಿ ಒಂದು ಆವರ್ತವೆಂದರೆ 8 ಮಿಲಿಸೆಕೆಂಡು, 200 ಸಲ ಕಂಪಿಸುವವರಲ್ಲಿ 5. ನೂರರ ಅಂತರವನ್ನು ಅದು ಅಲುಗಿಸದು. ಅಕಾರಗಳ ನಡುವೆ 4 ಮಿಲಿಸೆಕೆಂಡು ವ್ಯತ್ಯಾಸ ಕಂಡರೆ ಅದರ ಮೇಲೆ ಮಾತ್ರ ಸಿದ್ಧಾಂತ ಕಟ್ಟಬಾರದು.

ಮೊದಲ ಕಕಾರದ ಸಮಸ್ಯೆ ಹಾಗೇ ಉಳಿಯಿತಲ್ಲ. ಅದಕ್ಕೆ ಮದ್ದು ಪದವನ್ನು ಒಂಟಿಯಾಗಿ ಹೇಳಿಸದಿರುವುದು. ‘ಈಗ ಕತ್ತೆ ಕೇಳು’, ‘ಈಗ ಕತೆ ಕೇಳು’ ಎಂದು ಒಂದೇ ಚೌಕಟ್ಟಿನಲ್ಲಿ ಹೇಳಿಸಿದರೆ ‘ಈಗ’ದ ಸ್ವರ ನಿಲ್ಲುವಲ್ಲಿ ಕಕಾರದ ತಡೆ ಶುರುವಾಗುವುದು ಕಾಣುತ್ತದೆ, ‘ಕೇಳು’ವಿನ ಕಕಾರ ಎಕಾರವನ್ನು ಚೊಕ್ಕವಾಗಿ ಮುಗಿಸಿಕೊಡುತ್ತದೆ. ‘ಕತ್ತೆ ಅಂತ ಹೇಳು’ ಎಂದು ಹೇಳಿಸಿದರೆ ಎಕಾರವೂ ಅಕಾರವೂ ಒಂದರೊಳಗೊಂದು ಹರಿದು ಮತ್ತೆ ಪೇಚಾಟ.

ಇಂಥ ಹರಿವು ಪದದ ಒಳಗೇ ಇದ್ದರೆ ಚೌಕಟ್ಟೂ ಕೈಕೊಡುತ್ತದೆ. ‘ಬಾಯಿ’ಯಲ್ಲಿ ಆಕಾರ, ಯಕಾರ, ಇಕಾರಗಳ ನಡುವೆ ಸ್ಫೋಟವೂ ಇಲ್ಲ, ಖಾಲಿ ಜಾಗವೂ ಇಲ್ಲ, ಎರಡನೆಯ ಫಾರ್ಮೆಂಟ್ ನಿಧಾನವಾಗಿ ಮೇಲೇರುತ್ತದೆ, ಅಷ್ಟೆ. ಕೆಲವರು ಆ ಏರಿಕೆಯ ನಟ್ಟನಡುವೆ ಗೆರೆ ಹಾಕಿ, ಹಾಗೆ ಹಾಕಿದ್ದೇವೆಂದು ಬರೆದಿಡುತ್ತಾರೆ. ಇನ್ನು ಕೆಲವರು ಬಕಾರದ ನಂತರ ಎಲ್ಲೂ ಕತ್ತರಿಸದೆ, ಪೂರಾ ತುಂಡಿಗೆ aayi ಎಂದು ಒಂದೇ ಗುರುತು ಕೊಟ್ಟು ಮುಂದಿನ ಪದಕ್ಕೆ ಹೋಗುತ್ತಾರೆ.