ಬುಧವಾರ ನಾಲ್ಕೂವರೆಗೆ ಬನ್ನಿ, ಮೇಡಂ

ಐವತ್ತನಾಲ್ಕು ವಯಸ್ಸಿನ ಶಾಲಾ ಶಿಕ್ಷಕಿ. ಸಕ್ಕರೆ ಕಾಯಿಲೆ ಇದೆ. ಬೋರ್ಡಿನ ಮೇಲ್ಸಾಲಿಗೆ ಕೈ ಎತ್ತಲಾಗದೆ, ತಲೆ ಬಾಚಿಕೊಳ್ಳಲಾಗದೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ಮೂಳೆ ಡಾಕ್ಟರು ಚೀಟಿಯಲ್ಲಿ ಬರೆದಿದ್ದು ಫ್ರೋಜನ್ ಶೋಲ್ಡರ್. ಭುಜದ ಕೀಲಿನ ಸುತ್ತ ಇರುವ ಚೀಲದಂಥ ಪೊರೆ ದಪ್ಪಗಾಗಿ ಬಿಗಿದುಕೊಳ್ಳುವ ತೊಂದರೆ ಇದು. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುತ್ತದೆ.

ಏಳು ವಾರದಲ್ಲಿ ಅವರು ಬಂದಿದ್ದು ಐದು ಸಲ, ಅದೂ ನೋವು ತಡೆಯಲಾಗದ ದಿನಗಳಲ್ಲಿ. ಅಂಥ ದಿನ ಕೀಲು ಕೆರಳಿರುತ್ತದೆ. ಶಾಖ ಕೊಟ್ಟು ನೋವು ಇಳಿಸುವಷ್ಟರಲ್ಲೇ ಅರ್ಧ ಹೊತ್ತು ಮುಗಿಯುತ್ತದೆ. ನೋವು ತಗ್ಗಿ, ಪೊರೆಯನ್ನು ನಿಧಾನವಾಗಿ ಹಿಗ್ಗಿಸಬಹುದಾದ ದಿನಗಳಲ್ಲಿ ಅವರ ಸುಳಿವಿರುತ್ತಿರಲಿಲ್ಲ.

ನನ್ನ ಪುಸ್ತಕದಲ್ಲಿ ಲೆಕ್ಕವಿತ್ತು. ಮೊಣಕೈಯನ್ನು ಸೊಂಟಕ್ಕೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಮೊದಲ ದಿನ 20 ಡಿಗ್ರಿ, ಮೂರನೇ ಭೇಟಿಗೆ 35. ಹದಿನೇಳು ದಿನ ಬಿಟ್ಟು ಬಂದಾಗ 24. ಕೋನಮಾಪಕದ ಅಳತೆಯಲ್ಲಿ ಐದು ಡಿಗ್ರಿ ಆಚೀಚೆ ಆಗುವುದು ಸಹಜ, ಹನ್ನೊಂದು ಡಿಗ್ರಿ ಇಳಿದರೆ ಹಾಗೆ ತಳ್ಳಿಹಾಕಲಾಗದು.

ಮೊದಲು ಟೈಪ್ ಮಾಡಿದ ಮೆಸೇಜ್ 'ನೀವು ಸರಿಯಾಗಿ ಬರುತ್ತಿಲ್ಲ' ಎಂದು ಶುರುವಾಗಿತ್ತು. ಅಳಿಸಿದೆ. ಮನೆ, ಶಾಲೆ ಎರಡನ್ನೂ ತೂಗಿಸುವವರನ್ನು ಗದರಿದರೆ ಮುಂದಿನ ಸಲ ಫೋನೂ ಎತ್ತಲಾರರು. ಕೊನೆಗೆ ಹೀಗೆ ಕಳಿಸಿದೆ:

'ಮೇಡಂ, ನಮಸ್ಕಾರ. ಮೂರನೇ ಭೇಟಿಗೆ ನಿಮ್ಮ ಕೈ 35 ಡಿಗ್ರಿ ತಿರುಗಿತ್ತು, ಈಗ 24ಕ್ಕೆ ಬಂದಿದೆ. ಮುಂದಿನ ಆರು ವಾರ ಪ್ರತಿ ಬುಧವಾರ ಸಂಜೆ ನಾಲ್ಕೂವರೆಗೆ ನಲವತ್ತು ನಿಮಿಷ ನಿಮಗೆಂದೇ ಇಡಲೇ? ನೋವಿಲ್ಲದಿದ್ದರೂ ಬನ್ನಿ, ಆ ದಿನವೇ ಹೆಚ್ಚು ಕೆಲಸ ಆಗುತ್ತದೆ. ಮನೆಯಲ್ಲಿ ಕೋಲಿನ ವ್ಯಾಯಾಮ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ. ಮಾಡಿದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ; ರಾತ್ರಿ ನಿದ್ದೆ ಕೆಡಿಸಿದರೆ ಅತಿಯಾಯಿತು ಎಂದರ್ಥ, ಕಡಿಮೆ ಮಾಡಿ. ಆರನೇ ವಾರ ಮತ್ತೆ ಅಳೆಯೋಣ. ಹತ್ತು ಡಿಗ್ರಿಯೂ ಹೆಚ್ಚದಿದ್ದರೆ ಡಾಕ್ಟರ ಹತ್ತಿರ ಇಂಜೆಕ್ಷನ್ ವಿಚಾರ ಕೇಳೋಣ. ಈ ಸಮಯ ಆಗದಿದ್ದರೆ ನಿಮಗೆ ಆಗುವುದನ್ನು ಹೇಳಿ.'

ವಾರಕ್ಕೊಮ್ಮೆ ಸಾಕೇ ಎಂದು ಹಲವರು ಕೇಳುತ್ತಾರೆ. ಭುಜ ಸಡಿಲವಾಗುವುದು ಬಹುಪಾಲು ಮನೆಯ ಆ ಇಪ್ಪತ್ತು ನಿಮಿಷದಿಂದ. ಕೋಲನ್ನು ಸರಿಯಾಗಿ ಹಿಡಿಯುತ್ತಾರೋ, ಭುಜದ ಬದಲು ಸೊಂಟ ತಿರುಗಿಸುತ್ತಾರೋ ನೋಡಿ, ಅಳೆದು, ಮುಂದಿನ ವಾರದ ಪಾಠ ಕೊಡುವುದು ನನ್ನ ಕೆಲಸ. ಹದಿನೇಳು ದಿನ ತಪ್ಪಾಗಿ ಮಾಡಿದ ವ್ಯಾಯಾಮವನ್ನು ತಿದ್ದುವುದು ಕಷ್ಟ, ಏಳು ದಿನದ್ದು ಸುಲಭ. ಹಾಗಿದ್ದೂ ಈ ಕಾಯಿಲೆ ಪೂರ್ತಿ ಬಿಡಲು ವರ್ಷ, ಎರಡು ವರ್ಷವೂ ಹಿಡಿಯಬಹುದು. ಅದನ್ನು ಮೊದಲ ದಿನವೇ ಹೇಳಿದ್ದೆ.

ರಾತ್ರಿ ಉತ್ತರ ಬಂತು: 'ಬುಧವಾರ ಸ್ಟಾಫ್ ಮೀಟಿಂಗ್ ಇರುತ್ತೆ. ಗುರುವಾರ ಐದಕ್ಕೆ ಆಗುತ್ತಾ?' ಗುರುವಾರ ಐದರ ಸಾಲಿನಲ್ಲಿ ಆರು ವಾರಕ್ಕೂ ಅವರ ಹೆಸರು ಬರೆದೆ.