ಕೆಲಸ ಬಿಟ್ಟ ವರ್ಷಗಳಿಗಿಂತ 10ಸಿ ಅರ್ಜಿಯೇ ದುಬಾರಿ

ಮಗುವಾಯಿತೆಂದೋ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವವರಿಲ್ಲವೆಂದೋ ಕೆಲಸ ಬಿಟ್ಟ ಹೆಣ್ಣುಮಗಳಿಗೆ ಸುತ್ತಲಿನವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಪಿಎಫ್ ತೆಗೆಸಿಬಿಡು.’ ಎರಡು ತಿಂಗಳು ಕಳೆದ ಮೇಲೆ ಸೈಬರ್ ಸೆಂಟರಿನಲ್ಲಿ ಕೂತು ಎರಡು ಅರ್ಜಿ ಹಾಕಿಸುವುದು ರೂಢಿ. ಒಂದು ಫಾರ್ಮ್ 19, ಇನ್ನೊಂದು ಫಾರ್ಮ್ 10ಸಿ. ಮೊದಲನೆಯದು ಭವಿಷ್ಯನಿಧಿಯ ಹಣ ಕೊಡಿಸುತ್ತದೆ. ಎರಡನೆಯದು ಪೆನ್ಷನ್ ಖಾತೆಯ ಹಣವನ್ನು ಕೊಡಿಸಿ, ಅಲ್ಲಿಯವರೆಗಿನ ಸೇವೆಯನ್ನು ಸೊನ್ನೆ ಮಾಡುತ್ತದೆ. ಎರಡೂ ಒಟ್ಟಿಗೇ ಹೋಗುವುದರಿಂದ ಈ ವ್ಯತ್ಯಾಸ ಹಲವರ ಗಮನಕ್ಕೇ ಬರುವುದಿಲ್ಲ.

ಖಾಸಗಿ ಕೆಲಸಗಾರರ ಪೆನ್ಷನ್ ನಡೆಯುವುದು 1995ರ ನೌಕರರ ಪಿಂಚಣಿ ಯೋಜನೆಯಡಿ, ರೂಢಿಯಲ್ಲಿ ಇಪಿಎಸ್-95. ಮಾಲೀಕರು ಪಿಎಫ್‌ಗೆ ಕಟ್ಟುವ ಶೇ 12ರಲ್ಲಿ ಶೇ 8.33 ಇದಕ್ಕೆ ಹೋಗುತ್ತದೆ. 2014ರ ಸೆಪ್ಟೆಂಬರ್‌ನಿಂದ ಇದರ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ಹಾಗಾಗಿ ಸಂಬಳ ಅದಕ್ಕಿಂತ ಎಷ್ಟೇ ಹೆಚ್ಚಿರಲಿ, ಸಾಮಾನ್ಯವಾಗಿ ಪೆನ್ಷನ್ ಖಾತೆಗೆ ಸೇರುವುದು ತಿಂಗಳಿಗೆ 1,250 ರೂಪಾಯಿ.

ಪೆನ್ಷನ್ ಸೂತ್ರವೂ ಸರಳ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪೆನ್ಷನ್ ಸಿಗುತ್ತದೆ. 15,000ದ ಲೆಕ್ಕದಲ್ಲಿ ಒಂದು ವರ್ಷದ ಸೇವೆಗೆ ತಿಂಗಳಿಗೆ ಸುಮಾರು 214 ರೂಪಾಯಿ ಪೆನ್ಷನ್. ಈ ಅಂಕಿಯೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬಾಯಿಲೆಕ್ಕ. 2014ರ ಸೆಪ್ಟೆಂಬರ್‌ಗಿಂತ ಹಿಂದಿನ ಸೇವೆಯ ಭಾಗಕ್ಕೆ ಮಾತ್ರ ಹಳೆಯ 6,500 ರೂಪಾಯಿ ಮಿತಿ ಅನ್ವಯಿಸುತ್ತದೆ.

ಪೆನ್ಷನ್ ಸಿಗಬೇಕಾದರೆ ಒಟ್ಟು 10 ವರ್ಷದ ಸೇವೆ ಬೇಕು. ಈ 10 ವರ್ಷ ಒಂದೇ ಕಂಪನಿಯದ್ದಾಗಬೇಕಿಲ್ಲ, ಸತತವಾಗಿಯೂ ಇರಬೇಕಿಲ್ಲ. ನಡುವೆ ಐದು ವರ್ಷ ಮನೆಯಲ್ಲಿದ್ದರೆ ಆ ಐದು ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಹಿಂದೆ ದುಡಿದ ವರ್ಷಗಳು ಹಾಗೇ ಉಳಿಯುತ್ತವೆ. ಅವು ಅಳಿಯುವುದು ನಾವಾಗಿಯೇ 10ಸಿ ಹಾಕಿ ಹಣ ವಾಪಸ್ ಪಡೆದಾಗ.

ಒಂದು ಉದಾಹರಣೆ ನೋಡೋಣ. ಒಬ್ಬಾಕೆ 2015ರಲ್ಲಿ, 23ನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಳೆನ್ನಿ. ಪಿಎಫ್ ಲೆಕ್ಕದ ಸಂಬಳ 15,000. ಏಳು ವರ್ಷ ದುಡಿದು 2022ರಲ್ಲಿ ಮಗುವಿಗಾಗಿ ಬಿಟ್ಟಳು. ಐದು ವರ್ಷದ ನಂತರ, 2027ರಲ್ಲಿ ಮತ್ತೆ ಸೇರಿ ಎಂಟು ವರ್ಷ ದುಡಿದಳು. 43ನೇ ವಯಸ್ಸಿನಲ್ಲಿ ಅತ್ತೆಯ ಆರೈಕೆಗೆಂದು ಮತ್ತೆ ಬಿಟ್ಟಳು, ಆಮೇಲೆ ಹೋಗಲಿಲ್ಲ. 2022ರಲ್ಲಿ ಪೆನ್ಷನ್ ಖಾತೆಯನ್ನು ಮುಟ್ಟದೇ ಇದ್ದರೆ ಆಕೆಯ ಸೇವೆ 7ಕ್ಕೆ 8 ಸೇರಿ 15 ವರ್ಷ. ಈಗಿನ ನಿಯಮದಂತೆ 58 ತುಂಬಿದಾಗ ತಿಂಗಳಿಗೆ 3,214 ರೂಪಾಯಿ, ಬದುಕಿರುವವರೆಗೆ. ಆಕೆಯ ನಂತರ ಗಂಡನಿಗೆ ಅದರ ಅರ್ಧ. ಅದೇ 2022ರಲ್ಲಿ 10ಸಿ ಹಾಕಿದ್ದರೆ ಕೈಗೆ ಬರುತ್ತಿದ್ದದ್ದು ಸುಮಾರು ಒಂದು ಲಕ್ಷ ರೂಪಾಯಿ. ಉಳಿಯುವುದು ಎರಡನೇ ಸಲದ ಎಂಟು ವರ್ಷ ಮಾತ್ರ. ಅದು ಹತ್ತು ತಲುಪುವುದಿಲ್ಲ, ಹಾಗಾಗಿ ಪೆನ್ಷನ್ನೇ ಇಲ್ಲ. ಆ ಎಂಟು ವರ್ಷದ್ದೂ ಒಂದು ಗಂಟು ಸಿಕ್ಕು ಕಥೆ ಮುಗಿಯುತ್ತದೆ.

ಎರಡೂ ಸಂದರ್ಭದಲ್ಲಿ ಆಕೆ ದುಡಿದದ್ದು 15 ವರ್ಷ, ಮನೆಯಲ್ಲಿದ್ದ ವರ್ಷಗಳೂ ಅಷ್ಟೇ. ವ್ಯತ್ಯಾಸ ಮಾಡಿದ್ದು ಒಂದು ಅರ್ಜಿ.

‘ಆ ಒಂದು ಲಕ್ಷವನ್ನು ಬಡ್ಡಿಗೆ ಇಟ್ಟರೆ ಇನ್ನೂ ಹೆಚ್ಚು ಬರುವುದಿಲ್ಲವೇ’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 28 ವರ್ಷ ಮುಟ್ಟದೆ, ಒಳ್ಳೆಯ ಬಡ್ಡಿಗೆ ಬಿಟ್ಟರೆ ಅದು ಪೆನ್ಷನ್ನನ್ನು ಮೀರಿಸಲೂಬಹುದು. ಆದರೆ ಕೆಲಸ ಬಿಟ್ಟ ಹೊಸತರಲ್ಲಿ ತೆಗೆಯುವ ಹಣ ಹೆರಿಗೆ, ಬಾಣಂತನ, ಬಾಡಿಗೆ ಅಡ್ವಾನ್ಸು, ಚೀಟಿ ಸಾಲಗಳಿಗೆ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದದ್ದು ನೆನಪಿರಬಹುದು. ಪಿಎಫ್‌ನಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಆದೇಶದ ವಿರುದ್ಧ ಎದ್ದ ಸಿಟ್ಟು ಅದು. ಕೇಂದ್ರ ಸರ್ಕಾರ ಆ ಆದೇಶವನ್ನು ಹಿಂತೆಗೆದುಕೊಂಡಿತು. ಕೆಲಸ ಬಿಟ್ಟಾಗ ಆ ಹಣವೇ ಅವರ ಆಧಾರ. ಅದನ್ನು ತೆಗೆಯಬೇಡಿ ಎಂದು ಹೇಳುವುದು ಸುಲಭವಲ್ಲ.

ಆದರೆ ಹಣ ಬೇಕಾದಾಗ ಯಾವುದನ್ನು ಮೊದಲು ಮುಟ್ಟಬೇಕು ಎಂಬ ಆಯ್ಕೆ ಇದೆ. ಮೊದಲು ನೋಡಬೇಕಾದ್ದು ಭವಿಷ್ಯನಿಧಿಯ ಮುಂಗಡ. ಅದಕ್ಕೆ ಫಾರ್ಮ್ 31. ಸಾಲದೇ ಹೋದರೆ ಫಾರ್ಮ್ 19. ಪೆನ್ಷನ್ ಖಾತೆಯನ್ನು ಹಾಗೇ ಬಿಡಿ. ಇಲ್ಲವೇ 10ಸಿ ಅರ್ಜಿಯಲ್ಲಿಯೇ ಇರುವ ಇನ್ನೊಂದು ಆಯ್ಕೆಯನ್ನು ಗುರುತಿಸಿ: ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್. ಇದು ನಿಮ್ಮ ಸೇವೆಯ ವರ್ಷ, ಸಂಬಳ, ಕುಟುಂಬದ ವಿವರಗಳನ್ನು ದಾಖಲಿಸುವ ಪತ್ರ. ಮತ್ತೆ ಕೆಲಸಕ್ಕೆ ಸೇರಿದಾಗ ಅದನ್ನು ಒಪ್ಪಿಸಿದರೆ ಹಳೆಯ ಸೇವೆ ಹೊಸದಕ್ಕೆ ಕೂಡಿಕೊಳ್ಳುತ್ತದೆ. ಕೆಲಸ ಬಿಟ್ಟ ಎರಡೇ ತಿಂಗಳಿಗೆ ಪೆನ್ಷನ್ ಹಣ ತೆಗೆಯಬಹುದಾಗಿದ್ದ ಅವಧಿಯನ್ನು 36 ತಿಂಗಳಿಗೆ ಏರಿಸಲು ಪಿಎಫ್ ಸಂಸ್ಥೆಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದೆ. ಹಳೆಯ ಸೇವೆಯನ್ನು ಉಳಿಸಿಕೊಳ್ಳುವವರಿಗೆ ಇದರಿಂದ ಅನುಕೂಲವೇ.

ಮರಳಿ ಕೆಲಸಕ್ಕೆ ಸೇರುವ ದಿನ ತುಂಬಿಸುವ ಫಾರ್ಮ್ 11 ಎಂಬ ಘೋಷಣೆಯಲ್ಲಿ ಎಚ್ಚರ ಬೇಕು. ‘ಹಿಂದೆ ಪಿಎಫ್, ಪೆನ್ಷನ್ ಯೋಜನೆಯ ಸದಸ್ಯರಾಗಿದ್ದಿರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೆ ಹೊಸ ಯುಎಎನ್ ಸಂಖ್ಯೆ ಹುಟ್ಟಿಕೊಳ್ಳಬಹುದು. ಹಳೆಯ ಸೇವೆ ಬೇರೆ ಖಾತೆಯಲ್ಲಿ ಉಳಿದುಬಿಡುತ್ತದೆ. ಹಳೆಯ ಯುಎಎನ್ ಕೊಟ್ಟು, ಹಿಂದಿನ ಖಾತೆಯನ್ನು ವರ್ಗ ಮಾಡಿಸಿಕೊಳ್ಳಿ. ಹಿಂದಿನ ಕಂಪನಿ ಕೆಲಸ ಬಿಟ್ಟ ದಿನಾಂಕ ನಮೂದಿಸದೇ ಇದ್ದರೆ, ಕೊನೆಯ ಕಂತು ಬಂದ ಎರಡು ತಿಂಗಳ ನಂತರ ಸದಸ್ಯರೇ ಪೋರ್ಟಲ್‌ನಲ್ಲಿ ಅದನ್ನು ದಾಖಲಿಸಬಹುದು. ಹಿಂದೆ ಎಲ್ಲವನ್ನೂ ವಾಪಸ್ ಪಡೆದವರಿಗೆ ಇನ್ನೊಂದು ತೊಡಕಿದೆ. ಮರಳಿ ಸೇರುವಾಗ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ದಾಟಿದ್ದರೆ ಅವರನ್ನು ಹೊಸ ಸದಸ್ಯರೆಂದು ಎಣಿಸಿ, ಪೆನ್ಷನ್ ಯೋಜನೆಯಿಂದ ಹೊರಗಿಡಬಹುದು.

ಕೆಲಸ ಬಿಡದೆಯೇ ಬೀಳುವ ಸಣ್ಣ ತೂತೊಂದಿದೆ. ಸಂಬಳವಿಲ್ಲದ ರಜೆಯ ದಿನಗಳಿಗೆ ಪಿಎಫ್ ಕಂತು ಇರುವುದಿಲ್ಲ. ಮಾಲೀಕರು ಪ್ರತಿ ತಿಂಗಳು ಸಲ್ಲಿಸುವ ವಿವರದಲ್ಲಿ ಇವನ್ನು ‘ಎನ್‌ಸಿಪಿ ದಿನಗಳು’ ಎಂದು ತೋರಿಸುತ್ತಾರೆ. ಪೆನ್ಷನ್ ಲೆಕ್ಕದ ಸೇವೆಯಿಂದ ಅಷ್ಟು ದಿನ ಕಳೆಯುತ್ತದೆ. ಹೆರಿಗೆ ರಜೆಯಲ್ಲಿ ಕಂಪನಿಯೇ ಸಂಬಳ ಕೊಟ್ಟರೆ ತೊಂದರೆಯಿಲ್ಲ, ಕಂತು ನಡೆಯುತ್ತದೆ. ಆದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐಗೆ ಒಳಪಟ್ಟವರಿಗೆ 26 ವಾರಗಳ ಹಣ ಕೊಡುವುದು ಇಎಸ್‌ಐ ನಿಗಮ. ಕಂಪನಿಯಿಂದ ಸಂಬಳವಿಲ್ಲ, ಹಾಗಾಗಿ ಸಾಮಾನ್ಯವಾಗಿ ಪಿಎಫ್ ಕಂತೂ ಇಲ್ಲ. ಎರಡು ಹೆರಿಗೆಯಾದರೆ 364 ದಿನ, ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಸೇವೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಈ ಗುಂಪಿನವರು.

ಕಂಪನಿಯೇ ಸಂಬಳ ಕೊಟ್ಟ ರಜೆಯನ್ನೂ ತಪ್ಪಾಗಿ ಎನ್‌ಸಿಪಿ ಎಂದು ತೋರಿಸಿದ್ದಾರೆಯೇ ಎಂದು ತಿಳಿಯಲು ಪಾಸ್‌ಬುಕ್ ತೆಗೆದು ಪೆನ್ಷನ್ ಕಂತಿನ ಕಾಲಂ ನೋಡಿ. ರಜೆಯ ತಿಂಗಳುಗಳಲ್ಲಿ ಮೊತ್ತ ಕಡಿಮೆಯಿದ್ದರೆ ಅಥವಾ ಖಾಲಿಯಿದ್ದರೆ, ಆ ತಿಂಗಳ ಸಂಬಳದ ಚೀಟಿ ಹಿಡಿದು ಎಚ್‌ಆರ್ ವಿಭಾಗವನ್ನು ಕೇಳಬೇಕು. ಖಾತೆ ವರ್ಗವಾದಾಗ ತಯಾರಾಗುವ ‘ಅನೆಕ್ಸ್‌ಚರ್ ಕೆ’ ದಾಖಲೆಯಲ್ಲೂ ಸೇವೆಯ ಅವಧಿ, ಎನ್‌ಸಿಪಿ ದಿನಗಳು ಇರುತ್ತವೆ. ಕಂಪನಿ ಮುಚ್ಚಿಹೋಗುವ ಮೊದಲೇ ಇದನ್ನು ತಿದ್ದಿಸಿಕೊಳ್ಳುವುದು ಲೇಸು.

ಹಾಗಾದರೆ ಮನೆಯಲ್ಲಿದ್ದ ಆ ಐದು ವರ್ಷವನ್ನು ತುಂಬಿಕೊಳ್ಳಲು ಆಗುವುದಿಲ್ಲವೇ? ಇಪಿಎಸ್‌ನಲ್ಲಿ ಆಗುವುದಿಲ್ಲ. ಕಳೆದ ವರ್ಷಗಳಿಗೆ ನಾವೇ ಕಂತು ಕಟ್ಟಿ ಸೇವೆ ಕೊಳ್ಳುವ ಅವಕಾಶ ಅದರಲ್ಲಿಲ್ಲ. ಮಗು ಸಾಕಿದ್ದಕ್ಕೆ ಸೇವೆ ಸೇರಿಸುವ ವ್ಯವಸ್ಥೆಯೂ ಇಲ್ಲ. ಜರ್ಮನಿಯಲ್ಲಿ 1992ರ ನಂತರ ಹುಟ್ಟಿದ ಪ್ರತಿ ಮಗುವಿಗೆ ಮೂರು ವರ್ಷವನ್ನು ಪೆನ್ಷನ್ ಲೆಕ್ಕಕ್ಕೆ ಸೇರಿಸುತ್ತಾರೆ. ಬ್ರಿಟನ್‌ನಲ್ಲಿ 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ ಅರ್ಜಿ ಹಾಕಿದವರಿಗೆ ಆ ವರ್ಷಗಳು ಜಮೆಯಾಗುತ್ತವೆ. ಗಂಡನ ಸಂಬಳ ಹೆಚ್ಚಿದೆ, ಆ ಹಣ ನಮಗೆ ದಕ್ಕುವುದಿಲ್ಲ ಎಂದು ಅರ್ಜಿಯನ್ನೇ ಹಾಕದ ಗೃಹಿಣಿಯರು ಅಲ್ಲಿ ಪೆನ್ಷನ್ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ. ಅಲ್ಲಿ ನೆಲೆಸಿದ ನಮ್ಮವರು ಇದನ್ನು ಗಮನಿಸಬೇಕು: ಹಣ ಬೇಡವೆಂದರೂ ಅರ್ಜಿ ಹಾಕಬಹುದು.

ನಮ್ಮಲ್ಲಿ ತೂತನ್ನು ಹೊರಗಿನಿಂದ ಮುಚ್ಚಬೇಕು, ಅದಕ್ಕೆ ಬೇಕಾದ ಹಣ ಅಂದುಕೊಂಡಷ್ಟಿಲ್ಲ. ಐದು ವರ್ಷದ ಬಿಡುವಿನಿಂದ ಇಪಿಎಸ್‌ನಲ್ಲಿ ತಪ್ಪುವುದು ತಿಂಗಳಿಗೆ ಸುಮಾರು 1,071 ರೂಪಾಯಿ. ಅಟಲ್ ಪೆನ್ಷನ್ ಯೋಜನೆಯಲ್ಲಿ 60ರ ನಂತರ ತಿಂಗಳಿಗೆ 1,000 ರೂಪಾಯಿ ಖಾತ್ರಿ ಪೆನ್ಷನ್ ಬೇಕಾದರೆ 30ನೇ ವಯಸ್ಸಿನಲ್ಲಿ ಸೇರಿದವರು ಕಟ್ಟಬೇಕಾದ್ದು ತಿಂಗಳಿಗೆ 116 ರೂಪಾಯಿ. 5,000 ಬೇಕಾದರೆ 577. ವಯಸ್ಸು 18ರಿಂದ 40ರೊಳಗಿರಬೇಕು, ಸೇರುವಾಗ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಉಳಿತಾಯ ಖಾತೆ ಬೇಕು. ಕೆಲಸ ಬಿಟ್ಟು ಮನೆಯಲ್ಲಿರುವ ಅನೇಕರು ಇದಕ್ಕೆ ಅರ್ಹರು. ಈ ಕಂತು 60ರವರೆಗೆ ನಡೆಯಬೇಕು, ಹಾಗಾಗಿ ಬಿಡುವಿನ ವರ್ಷಗಳಲ್ಲಿ ಅದನ್ನು ಗಂಡನ ಸಂಬಳದಿಂದ ಕಟ್ಟುವ ಮಾತು ಮೊದಲೇ ಆಗಿರಲಿ. ತೆರಿಗೆ ಕಟ್ಟುವವರಿಗೆ ಎನ್‌ಪಿಎಸ್ ಇದೆ.

ಇವೆಲ್ಲ ಪೆನ್ಷನ್ ಪಾಲಿನ ಮಾತು. ಭವಿಷ್ಯನಿಧಿಗೆ ಇಬ್ಬರ ಕಡೆಯಿಂದ ಸೇರುತ್ತಿದ್ದ ಶೇ 15.67, ಅಂದರೆ 15,000ಕ್ಕೆ ತಿಂಗಳಿಗೆ ಸುಮಾರು 2,350 ರೂಪಾಯಿ, ಬಿಡುವಿನಲ್ಲಿ ನಿಂತುಹೋಗುವುದು ಇದಕ್ಕಿಂತ ದೊಡ್ಡ ನಷ್ಟ. ಆದರೆ ಅದಾಗಲೇ ಇರುವ ಹಣಕ್ಕೆ 58ರವರೆಗೆ ಬಡ್ಡಿ ಬೆಳೆಯುತ್ತಿರುತ್ತದೆ. ಖಾತೆ ಸತ್ತುಹೋಗುತ್ತದೆಂದು ಹೆದರಿ ತೆಗೆಯಬೇಕಿಲ್ಲ.

ಕೊನೆಗೆ, ರಾಜೀನಾಮೆಯ ದಿನಾಂಕ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಉಳಿಕೆ ಸೇವೆಯನ್ನು ಒಂದು ಪೂರ್ತಿ ವರ್ಷವೆಂದು ಹಿಡಿಯುತ್ತಾರೆ, ಕಡಿಮೆಯಿದ್ದರೆ ಬಿಟ್ಟುಬಿಡುತ್ತಾರೆ. ಹಾಗಾಗಿ 9 ವರ್ಷ 6 ತಿಂಗಳು ಸೇವೆ ಪೆನ್ಷನ್ನಿಗೆ ಹತ್ತು ವರ್ಷವಾಗುತ್ತದೆ. 9 ವರ್ಷ 4 ತಿಂಗಳು ಆಗುವುದಿಲ್ಲ. ಅಂಚಿನಲ್ಲಿರುವವರು ಪಾಸ್‌ಬುಕ್ಕಿನ ತಿಂಗಳುಗಳನ್ನು ಎಣಿಸಿ, ಎನ್‌ಸಿಪಿ ದಿನಗಳನ್ನು ಕಳೆದು, ಒಂದೆರಡು ತಿಂಗಳು ಹೆಚ್ಚೇ ಇಟ್ಟುಕೊಂಡು ರಾಜೀನಾಮೆ ಬರೆಯಲಿ.