ನಿನ್ನೆಯ ಅಂಕಿ ಇಂದಿನ ಲೆಕ್ಕವನ್ನು ಕೆಡಿಸುವ ಬಗೆ

ಒಂದು ಕಂಪನಿಯಲ್ಲಿ ಈ ವರ್ಷ ಎಷ್ಟು ಜನ ಕೆಲಸ ಮಾಡುತ್ತಾರೆ ಎಂಬುದನ್ನು ಕಳೆದ ವರ್ಷ ಎಷ್ಟು ಜನ ಇದ್ದರು ಎಂಬುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಕೆಲಸಕ್ಕೆ ಸೇರಿಸುವುದಕ್ಕೂ ತೆಗೆಯುವುದಕ್ಕೂ ಖರ್ಚಿದೆ, ಸಮಯ ಹಿಡಿಯುತ್ತದೆ. ಬೇಡಿಕೆ ಕುಸಿದ ಮರುದಿನವೇ ಯಾರೂ ಅರ್ಧ ಕಾರ್ಖಾನೆಯನ್ನು ಖಾಲಿ ಮಾಡುವುದಿಲ್ಲ. ಈ ಜಡತೆಯ ಪ್ರಮಾಣ ಎಷ್ಟು ಎಂದು ಅಳೆಯಲು ಅರ್ಥಶಾಸ್ತ್ರಜ್ಞರು ಬರೆಯುವ ಸಮೀಕರಣ ನೋಡಲು ಸರಳ:

```
y(t) = ρ·y(t-1) + α + e(t)
```

ಇಲ್ಲಿ `y` ಎಂದರೆ ಉದ್ಯೋಗಿಗಳ ಸಂಖ್ಯೆ. `ρ` ಎಂದರೆ ಹಿಂದಿನ ವರ್ಷದ ಹಿಡಿತ. `α` ಆಯಾ ಕಂಪನಿಯ ಬದಲಾಗದ ಗುಣ: ಅದರ ಆಡಳಿತ, ಜಾಗ, ವ್ಯಾಪಾರದ ಸ್ವರೂಪ ಇತ್ಯಾದಿ. `e` ಆ ವರ್ಷದ ಆಕಸ್ಮಿಕ ಏರುಪೇರು. ಹಲವು ಕಂಪನಿಗಳನ್ನು ಕೆಲವು ವರ್ಷ ಬೆನ್ನುಹತ್ತಿ ಸಂಗ್ರಹಿಸಿದ ಇಂಥ ಅಂಕಿಅಂಶಕ್ಕೆ ಪ್ಯಾನೆಲ್ ದತ್ತಾಂಶ ಎನ್ನುತ್ತಾರೆ. ಹಿಂದಿನ ವರ್ಷದ `y` ಬಲಗಡೆ ಬಂದು ಕೂತಿರುವುದರಿಂದ ಇದು ಚಲನಶೀಲ ಪ್ಯಾನೆಲ್. ತೊಂದರೆ ಹುಟ್ಟುವುದು ಅಲ್ಲಿಯೇ.

ಎಲ್ಲ ಕಂಪನಿಗಳ ಎಲ್ಲ ವರ್ಷಗಳನ್ನು ಒಟ್ಟು ಸುರಿದು ಸಾಮಾನ್ಯ ಕನಿಷ್ಠ ವರ್ಗ ವಿಧಾನದಿಂದ `ρ` ಲೆಕ್ಕ ಹಾಕಿದರೆ ಉತ್ತರ ದೊಡ್ಡದಾಗಿ ಬರುತ್ತದೆ. ಸ್ವಭಾವತಃ ದೊಡ್ಡದಾದ ಕಂಪನಿ ಕಳೆದ ವರ್ಷವೂ ದೊಡ್ಡದು, ಈ ವರ್ಷವೂ ದೊಡ್ಡದು. `α` ಮಾಡಿದ ಕೆಲಸದ ಶ್ರೇಯಸ್ಸು ಕಳೆದ ವರ್ಷದ ಅಂಕಿಗೆ ಸಂದುಬಿಡುತ್ತದೆ.

ಹಾಗಾದರೆ `α`ವನ್ನೇ ತೆಗೆದುಹಾಕೋಣ ಎಂಬುದು ಸಹಜ ಯೋಚನೆ. ಪ್ರತಿ ಕಂಪನಿಯ ಅಂಕಿಗಳಿಂದ ಅದರದೇ ಸರಾಸರಿಯನ್ನು ಕಳೆದರೆ ಬದಲಾಗದ ಗುಣ ಮಾಯವಾಗುತ್ತದೆ. ಸ್ಥಿರ ಪರಿಣಾಮ ವಿಧಾನ ಮಾಡುವುದು ಇಷ್ಟೇ. ಆದರೆ ವರ್ಷಗಳು ಕಡಿಮೆಯಿದ್ದಾಗ ಈ ಮದ್ದು ಇನ್ನೊಂದು ಕಾಯಿಲೆ ತರುತ್ತದೆ. `ρ` ನಿಜಕ್ಕೂ ಸೊನ್ನೆಯಾಗಿರುವ, ಅಂದರೆ ನಿನ್ನೆಯ ನೆನಪೇ ಇಲ್ಲದ ಒಂದು ಕಂಪನಿಯನ್ನು ತೆಗೆದುಕೊಳ್ಳಿ. ಮೂರು ವರ್ಷಗಳಲ್ಲಿ ಅದರ ಉದ್ಯೋಗಿಗಳು 106, 100, 100. ಮೊದಲ ವರ್ಷದ 6 ಕೇವಲ ಆಕಸ್ಮಿಕ. ಸರಾಸರಿ 102. ಕಳೆದರೆ ಉಳಿಯುವುದು +4, −2, −2. ಎರಡನೆಯ ವರ್ಷ ಏನೂ ಆಗಿಲ್ಲ, ಆದರೂ ಲೆಕ್ಕದಲ್ಲಿ ಅದು ‘ಇಳಿದ ವರ್ಷ’. ಒಂದು ವರ್ಷದ ಏರಿಕೆ ಸರಾಸರಿಯ ಮೂಲಕ ಉಳಿದೆಲ್ಲ ವರ್ಷಗಳಿಗೂ ಅಂಟಿಕೊಂಡಿತು. ಇಂಥ ಸಾವಿರಾರು ಕಂಪನಿಗಳಲ್ಲಿ ಆಕಸ್ಮಿಕಗಳು ಯಾವ ವರ್ಷದಲ್ಲಿ ಹೇಗೇ ಬಿದ್ದರೂ, ಒಟ್ಟಾರೆ ಲೆಕ್ಕದಲ್ಲಿ ಏರಿದ ಮರುವರ್ಷ ಇಳಿಕೆ ಎಂಬ ಸುಳ್ಳು ಸಂಬಂಧ ಕಾಣಿಸುತ್ತದೆ. `ρ` ತನ್ನ ನಿಜ ಬೆಲೆಗಿಂತ ಕೆಳಕ್ಕೆ ವಾಲುತ್ತದೆ.

ಸ್ಟೀಫನ್ ನಿಕೆಲ್ 1981ರಲ್ಲಿ ಈ ವಾಲಿಕೆಯ ಪ್ರಮಾಣವನ್ನು ಸೂತ್ರಕ್ಕೆ ಇಳಿಸಿದರು. ಇಂದಿಗೂ ಅದು ನಿಕೆಲ್ ಬಯಾಸ್ ಎಂದೇ ಪ್ರಸಿದ್ಧ. ಅಂದಾಜಿಗೆ ಅದು `-(1+ρ)/(T-1)`. `T` ಎಂದರೆ ವರ್ಷಗಳು. ನಿಜವಾದ `ρ` 0.5 ಇದ್ದು ಹತ್ತು ವರ್ಷಗಳಿದ್ದರೆ ತಪ್ಪು ಸುಮಾರು 0.17. ಅರ್ಧ ಎನ್ನಬೇಕಾದಲ್ಲಿ ಉತ್ತರ ಮೂರನೇ ಒಂದರಷ್ಟು ಎಂದು ಬರುತ್ತದೆ. ಸೂತ್ರದಲ್ಲಿ ಕಂಪನಿಗಳ ಸಂಖ್ಯೆ ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ನೂರರ ಬದಲು ಲಕ್ಷ ಕಂಪನಿಗಳನ್ನು ತಂದರೂ ಅದೇ ತಪ್ಪು ಉತ್ತರ ಇನ್ನಷ್ಟು ಖಚಿತವಾಗಿ ಸಿಗುತ್ತದೆ, ಅಷ್ಟೆ. ವರ್ಷಗಳು ಮೂವತ್ತು, ನಲವತ್ತಾದರೆ ಮಾತ್ರ ತಪ್ಪು ಕರಗುತ್ತದೆ.

ಬಿಡಿಸಿಕೊಳ್ಳುವ ದಾರಿ ಸರಾಸರಿಯನ್ನು ಕೈಬಿಡುವುದರಲ್ಲಿದೆ. ಈ ವರ್ಷದ ಅಂಕಿಯಿಂದ ಕಳೆದ ವರ್ಷದ್ದನ್ನು ಕಳೆದರೂ `α` ಹೋಗುತ್ತದೆ:

```
y(t) - y(t-1) = ρ·[y(t-1) - y(t-2)] + [e(t) - e(t-1)]
```

ಇಲ್ಲಿಯೂ ತೊಡಕು ಪೂರ್ತಿ ಹೋಗಿಲ್ಲ. `y(t-1)` ಒಳಗೆ `e(t-1)` ಇದೆ, ಅದೇ `e(t-1)` ಕೊನೆಯ ಆವರಣದಲ್ಲೂ ಋಣ ಚಿಹ್ನೆಯೊಂದಿಗೆ ಕುಳಿತಿದೆ. ಆದರೆ ಕೊಳೆ ಹರಡಿರುವುದು ಅಕ್ಕಪಕ್ಕದ ಎರಡು ವರ್ಷಗಳಿಗೆ ಮಾತ್ರ. ಸರಾಸರಿ ಕಳೆದಾಗ ಎಲ್ಲ ವರ್ಷಗಳೂ ಮಲಿನವಾಗಿದ್ದವು. ಈಗ `y(t-2)` ಶುದ್ಧವಾಗಿದೆ: ಅದು ದಾಖಲಾದಾಗ `e(t-1)` ಇನ್ನೂ ಸಂಭವಿಸಿರಲಿಲ್ಲ. ಜೊತೆಗೆ ನಡುವಿನ ವ್ಯತ್ಯಾಸ `y(t-1) - y(t-2)`ಗೆ ಅದರ ನಂಟೂ ಇದೆ. ಸಾಧನ ಚರಕ್ಕೆ ಬೇಕಾದ ಎರಡೂ ಲಕ್ಷಣಗಳು ಇವೇ. ವ್ಯತ್ಯಾಸದಲ್ಲಿ ಹಳೆಯ ಅಂಕಿ ವಿವರಿಸಬಲ್ಲ ಭಾಗವನ್ನಷ್ಟೇ ನೆಚ್ಚಿಕೊಂಡು `ρ` ಅಳೆದರೆ ವಾಲಿಕೆ ಇರುವುದಿಲ್ಲ. ಈ ಉಪಾಯವನ್ನು ಆ್ಯಂಡರ್ಸನ್ ಮತ್ತು ಶಿಯಾವ್ 1981ರಲ್ಲೇ ಸೂಚಿಸಿದ್ದರು.

ಮ್ಯಾನುಯೆಲ್ ಅರೆಯಾನೊ ಮತ್ತು ಸ್ಟೀಫನ್ ಬಾಂಡ್ 1991ರಲ್ಲಿ ಜನಪ್ರಿಯಗೊಳಿಸಿದ ಡಿಫರೆನ್ಸ್ ಜಿಎಂಎಂ ವಿಧಾನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಎರಡು ವರ್ಷ ಹಿಂದಿನದು ಶುದ್ಧವಾದರೆ ಅದಕ್ಕಿಂತ ಹಿಂದಿನವೂ ಶುದ್ಧವೇ. ದತ್ತಾಂಶ 1976ರಿಂದ 1984ರವರೆಗೆ ಇದ್ದರೆ 1978ರ ಸಮೀಕರಣಕ್ಕೆ 1976ರ ಅಂಕಿ ಒಂದೇ ಸಾಧನ. 1979ಕ್ಕೆ ಎರಡು. 1984ಕ್ಕೆ ಏಳು. ಒಟ್ಟು 28. ಪ್ರತಿಯೊಂದೂ ಒಂದು ಷರತ್ತು: ಈ ಹಳೆಯ ಅಂಕಿಗೂ ಉಳಿಕೆ ದೋಷಕ್ಕೂ ಸರಾಸರಿಯಲ್ಲಿ ಸಂಬಂಧ ಸೊನ್ನೆಯಾಗಿರಬೇಕು. ಒಂದೇ `ρ` ಅಷ್ಟೂ ಷರತ್ತುಗಳನ್ನು ಕರಾರುವಾಕ್ಕಾಗಿ ಪೂರೈಸಲಾರದು. ಹೆಚ್ಚು ನಂಬಬಹುದಾದ ಷರತ್ತಿಗೆ ಹೆಚ್ಚು ತೂಕ ಕೊಟ್ಟು, ಎಲ್ಲವನ್ನೂ ಆದಷ್ಟು ಸೊನ್ನೆಯ ಹತ್ತಿರ ತರುವ `ρ`ವನ್ನು ಆರಿಸುವುದೇ ಜಿಎಂಎಂ.

ಆ ವರ್ಷಗಳು ಅರೆಯಾನೊ ಮತ್ತು ಬಾಂಡ್ ಬಳಸಿದ ದತ್ತಾಂಶದವೇ: ಬ್ರಿಟನ್ನಿನ 140 ಕಂಪನಿಗಳು, ಒಂದೊಂದಕ್ಕೂ ಏಳರಿಂದ ಒಂಬತ್ತು ವರ್ಷದ ದಾಖಲೆ. ಕೂಲಿ, ಬಂಡವಾಳ, ಉದ್ಯಮದ ಉತ್ಪಾದನೆ ಹಾಗೂ ಹಿಂದಿನ ಎರಡು ವರ್ಷಗಳ ಉದ್ಯೋಗ ಅವರ ಸಮೀಕರಣದಲ್ಲಿದ್ದವು. ಕಳೆದ ವರ್ಷದ ಗುಣಾಂಕವನ್ನಷ್ಟೇ ನೋಡುವುದಾದರೆ, ಸಾಮಾನ್ಯ ಕನಿಷ್ಠ ವರ್ಗ ವಿಧಾನಕ್ಕೆ ಅದು 1.045, ಸ್ಥಿರ ಪರಿಣಾಮ ವಿಧಾನಕ್ಕೆ 0.733. ಒಂದು ಮೇಲಕ್ಕೆ ವಾಲಿದ್ದು, ಇನ್ನೊಂದು ಕೆಳಕ್ಕೆ ವಾಲಿದ್ದು. ಆದ್ದರಿಂದ ನಂಬಲರ್ಹ ಉತ್ತರ ಇವೆರಡರ ನಡುವೆ ಅಥವಾ ಆಸುಪಾಸಿನಲ್ಲಿ ಇರಬೇಕು. ಎರಡು ತಪ್ಪು ಉತ್ತರಗಳೇ ಗಡಿಕಲ್ಲುಗಳಾಗುವ ಈ ಅನುಕೂಲವನ್ನು ಯಾರೂ ಬಿಟ್ಟುಕೊಡಬಾರದು. ಎರಡು ವರ್ಷ ಹಿಂದಿನ ಅಂಕಿಯೊಂದನ್ನೇ ಸಾಧನವಾಗಿಟ್ಟರೆ ಬಂದ ಉತ್ತರ 2.308. ಅದರ ಅನಿಶ್ಚಿತತೆ ಎಷ್ಟೆಂದರೆ ಆ ಅಂಕಿಯನ್ನು ಯಾವುದಕ್ಕೂ ಬಳಸುವಂತಿಲ್ಲ. ಒಂದು ಹಂತದ ಡಿಫರೆನ್ಸ್ ಜಿಎಂಎಂ ಕೊಟ್ಟದ್ದು 0.686, ಪ್ರಮಾಣ ದೋಷ 0.145.

ಇದನ್ನು ಒಪ್ಪುವ ಮೊದಲು ಒಂದು ಪರೀಕ್ಷೆ ಆಗಬೇಕು. ಆಕಸ್ಮಿಕಗಳು ವರ್ಷದಿಂದ ವರ್ಷಕ್ಕೆ ಹರಿದುಬರುವಂತಿದ್ದರೆ ಎರಡು ವರ್ಷ ಹಿಂದಿನ ಅಂಕಿಯೂ ಶುದ್ಧವಲ್ಲ. ವ್ಯತ್ಯಾಸ ತೆಗೆದ ದೋಷಗಳಲ್ಲಿ ಪಕ್ಕದ ವರ್ಷಗಳ ನಡುವೆ ಸಂಬಂಧ ಇದ್ದೇ ಇರುತ್ತದೆ, ಅದು ಕಳೆಯುವಿಕೆಯ ಫಲ. ಒಂದು ವರ್ಷ ಬಿಟ್ಟು ಇನ್ನೊಂದಕ್ಕೆ ಸಂಬಂಧ ಕಂಡರೆ ಮಾತ್ರ ಆತಂಕ. ಈ ದತ್ತಾಂಶದಲ್ಲಿ ಆ ಪರೀಕ್ಷೆಯ ಬೆಲೆ −0.516, ಗಾಬರಿಪಡುವಂಥದ್ದಲ್ಲ.

ಆದರೂ 0.686 ಎಂಬುದು 0.733ಕ್ಕಿಂತಲೂ ಸ್ವಲ್ಪ ಕೆಳಗೆ. ಪ್ರಮಾಣ ದೋಷದ ದೃಷ್ಟಿಯಿಂದ ಅಂತರ ಅಲ್ಪ, ಸಂಶಯ ಮಾತ್ರ ಉಳಿಯುತ್ತದೆ. `ρ` ಒಂದಕ್ಕೆ ಸಮೀಪವಿದ್ದರೆ ವರ್ಷದಿಂದ ವರ್ಷಕ್ಕೆ ಆಗುವ ಬದಲಾವಣೆಯೆಲ್ಲ ಬಹುಪಾಲು ಆಕಸ್ಮಿಕ. ಆಗ ಹಳೆಯ ಮಟ್ಟ ಮುಂದಿನ ಬದಲಾವಣೆಯ ಬಗ್ಗೆ ಏನೂ ಹೇಳಲಾರದು, ಸಾಧನ ಶುದ್ಧವಾಗಿದ್ದರೂ ದುರ್ಬಲ. ದುರ್ಬಲ ಸಾಧನದ ಉತ್ತರ ಸ್ಥಿರ ಪರಿಣಾಮದ ಕಡೆಗೇ, ಕೆಳಕ್ಕೇ ಜಾರುತ್ತದೆ. ಸಾಧನಗಳನ್ನು ಹೆಚ್ಚಿಸಿ ಇದನ್ನು ಸರಿಪಡಿಸಲಾಗದು. ಕಂಪನಿಗಳ ಸಂಖ್ಯೆಗೆ ಹೋಲಿಸಿದರೆ ಅವು ಅತಿಯಾದಾಗ ಷರತ್ತುಗಳನ್ನು ಪರಿಶೀಲಿಸುವ ಹ್ಯಾನ್ಸೆನ್ ಪರೀಕ್ಷೆಯೇ ಸತ್ವ ಕಳೆದುಕೊಂಡು, ಎಲ್ಲವೂ ಸರಿಯಿದೆ ಎಂಬಂತೆ ಸಂಭವನೀಯತೆ 1.00 ಎಂದು ತೋರಿಸುತ್ತದೆ. ಅಂಥ ಪರಿಪೂರ್ಣ ಅಂಕಿ ಕಂಡಲ್ಲಿ ಹಳೆಯ ವರ್ಷಗಳನ್ನು ಎರಡೋ ಮೂರೋ ವರ್ಷಕ್ಕೆ ಮಿತಿಗೊಳಿಸಿ ಮತ್ತೆ ಲೆಕ್ಕ ಹಾಕುವುದು ರೂಢಿ. ದುರ್ಬಲತೆಗೆ ಬ್ಲಂಡೆಲ್ ಮತ್ತು ಬಾಂಡ್ 1998ರಲ್ಲಿ ಮುಂದಿಟ್ಟ ಪರಿಹಾರ ಸಿಸ್ಟಮ್ ಜಿಎಂಎಂ. ಅಲ್ಲಿ ಮೂಲ ಸಮೀಕರಣವನ್ನೂ ಉಳಿಸಿಕೊಂಡು, ಅದಕ್ಕೆ ಹಿಂದಿನ ಬದಲಾವಣೆಗಳನ್ನೇ ಸಾಧನವಾಗಿ ಕೊಡುತ್ತಾರೆ. ಅದಕ್ಕೆ ತೆರಬೇಕಾದ ಬೆಲೆ ಇನ್ನೊಂದು ನಂಬಿಕೆ: ದಾಖಲೆ ಶುರುವಾದ ವರ್ಷ ಕಂಪನಿ ತನ್ನ ಸಹಜ ಮಟ್ಟದಿಂದ ಎಷ್ಟು ದೂರವಿತ್ತು ಎಂಬುದಕ್ಕೂ ಅದರ `α`ಗೂ ಸಂಬಂಧವಿರಬಾರದು. ಈಗಷ್ಟೇ ಹುಟ್ಟಿ ಬೆಳೆಯುತ್ತಿರುವ ಕಂಪನಿಗಳು ತುಂಬಿದ ದತ್ತಾಂಶದಲ್ಲಿ ಈ ನಂಬಿಕೆ ನಿಲ್ಲುವುದು ಕಷ್ಟ.